ಸೀಟೂ ಇಲ್ಲ, ದುಡ್ಡೂ ಇಲ್ಲ: ವಿದೇಶಿ ಶಿಕ್ಷಣ ಕನ್ಸಲ್ಟೆನ್ಸಿಯಿಂದ ಹಣ ವಾಪಸ್ ಪಡೆಯುವುದು ಹೇಗೆ?

ಬೇಲೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಬಣ್ಣದ ಪಾಂಪ್ಲೆಟ್, ಒಪ್ಪಂದದ ಜೆರಾಕ್ಸ್, ಫೋನ್‌ಪೇ ಸ್ಕ್ರೀನ್‌ಶಾಟ್‌ನ ಪ್ರಿಂಟ್. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದ. ಜರ್ಮನಿಯಲ್ಲಿ ಎಂ.ಎಸ್. ಮಾಡಿಸೋಣ ಅಂತ ಹಾಸನದ ಬಿ.ಎಂ. ರಸ್ತೆಯ ಒಂದು ಕನ್ಸಲ್ಟೆನ್ಸಿಗೆ ಜನವರಿಯಲ್ಲಿ ದುಡ್ಡು ಕಟ್ಟಿದ್ದರು. ಐದು ಯೂನಿವರ್ಸಿಟಿಗೆ ಅರ್ಜಿ, ಒಂದರಲ್ಲಾದರೂ ಸೀಟು ಖಾತ್ರಿ ಅನ್ನೋದು ಮಾತು. ಸೆಪ್ಟೆಂಬರ್‌ನಲ್ಲಿ ಬಂದ ಉತ್ತರ: 'ಈ ಸಲ ಕಾಂಪಿಟೇಷನ್ ಜಾಸ್ತಿ ಸಾರ್, ಮುಂದಿನ ಇನ್‌ಟೇಕ್ ನೋಡೋಣ.'

ಅಪ್ಪನಿಗೆ ಆಗಲೇ ಹೋಗಿ ಜಗಳ ಮಾಡುವ ಆತುರ. ಬೇಡ ಅಂದೆ. ಜಗಳ ಶುರುವಾದ ದಿನವೇ ಪಾಸ್‌ವರ್ಡ್ ಬದಲಾಗುತ್ತದೆ, ಮೆಸೇಜ್ ಡಿಲೀಟ್ ಆಗುತ್ತದೆ. ಮೊದಲು ತಿಳಿಯಬೇಕಾದ್ದು ಒಂದೇ. ಅರ್ಜಿ ಹೋಗಿ ಸೀಟು ಸಿಗಲಿಲ್ಲವೋ, ಅರ್ಜಿಯೇ ಹೋಗಲಿಲ್ಲವೋ?

ಮೊದಲು ಇಮೇಲ್ ಕೈಗೆ ತಗೊಳ್ಳಿ

ತುಂಬಾ ಕನ್ಸಲ್ಟೆನ್ಸಿಗಳು ವಿದ್ಯಾರ್ಥಿ ಹೆಸರಲ್ಲಿ ತಾವೇ ಒಂದು ಹೊಸ ಇಮೇಲ್ ತೆರೆದು, ಎಲ್ಲ ಅರ್ಜಿಗೂ ಅದನ್ನೇ ಕೊಡುತ್ತವೆ. ಯೂನಿವರ್ಸಿಟಿಯ ಉತ್ತರವೆಲ್ಲ ಅಲ್ಲಿಗೇ ಹೋಗುತ್ತದೆ. ಈ ಹುಡುಗನ ಪುಣ್ಯಕ್ಕೆ ಫೆಬ್ರವರಿಯಲ್ಲೇ ಕೌನ್ಸೆಲರ್ ಆ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಳು. ನಮ್ಮನೆಯ ಜಗುಲಿಯಲ್ಲೇ ಕೂತು ತೆರೆದೆವು.

ಜರ್ಮನಿಯ ಬಹಳಷ್ಟು ಯೂನಿವರ್ಸಿಟಿಗಳಿಗೆ ಹೊರದೇಶದವರ ಅರ್ಜಿ ಹೋಗುವುದು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಪೋರ್ಟಲ್ ಮೂಲಕ. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಪ್ರತಿ ಅರ್ಜಿಗೆ 30 ಯೂರೋ. ಹುಡುಗ ಆರಿಸಿದ್ದ ಐದೂ ಕೋರ್ಸ್ ಅದರ ಮೂಲಕವೇ ಹೋಗಬೇಕಿತ್ತು. ಪೋರ್ಟಲ್‌ನಲ್ಲಿ ಐದು ಅರ್ಜಿ ಇರಬೇಕಾದ ಕಡೆ ಕಂಡದ್ದು ಒಂದೇ. ಅದು ಸಲ್ಲಿಕೆಯಾದದ್ದು ಜುಲೈ 29ಕ್ಕೆ. ಆ ಕೋರ್ಸ್‌ನ ಕೊನೆಯ ದಿನ ಜುಲೈ 15. ಕಾಂಪಿಟೇಷನ್‌ನ ಮಾತೇ ಇಲ್ಲ, ರೇಸಿಗೆ ಕುದುರೆಯೇ ಹೋಗಿರಲಿಲ್ಲ.

ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲದಿದ್ದರೆ ವಿದ್ಯಾರ್ಥಿಯೇ ತನ್ನ ಸ್ವಂತ ಇಮೇಲ್‌ನಿಂದ ಪ್ರತಿ ಯೂನಿವರ್ಸಿಟಿಯ ಅಡ್ಮಿಷನ್ ಕಚೇರಿಗೆ ಬರೆಯಲಿ. ಹೆಸರು, ಹುಟ್ಟಿದ ದಿನಾಂಕ, ಕೋರ್ಸ್ ತಿಳಿಸಿ, 'ನನ್ನ ಹೆಸರಲ್ಲಿ ಅರ್ಜಿ ಬಂದಿದೆಯೇ, ಯಾವ ದಿನ ಬಂತು' ಅಂತ ಎರಡು ಸಾಲು ಕೇಳಿದರೆ ಸಾಕು. ಕನ್ಸಲ್ಟೆನ್ಸಿಯ ಹತ್ತು ಮಾತಿಗಿಂತ ಆ ಒಂದು ಉತ್ತರಕ್ಕೆ ತೂಕ ಜಾಸ್ತಿ. ಅವರು ಕೊಟ್ಟಿದ್ದ ಆಫರ್ ಲೆಟರೇ ನಕಲಿ ಅಂತ ಯೂನಿವರ್ಸಿಟಿ ಹೇಳಿದರೆ ವಿಷಯ ಬೇರೆ. ಅದು ಹಣ ವಾಪಸ್‌ನ ಮಾತಷ್ಟೇ ಅಲ್ಲ, ಪೊಲೀಸ್ ದೂರು ಕೂಡ ಆಗಬೇಕು.

ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ ಕಾಣುವಂತೆ ತೆಗೆಯಿರಿ. ವಾಟ್ಸ್‌ಆ್ಯಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಡಿ. ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಡಬೇಡಿ, ಮೂಲ ಬೇಕಾಗಬಹುದು.

'ಖಾತ್ರಿ' ಪದವನ್ನು ನಂಬಿಕೊಂಡು ಕೂರಬೇಡಿ

ಪಾಂಪ್ಲೆಟ್‌ನಲ್ಲಿ 'ಸೀಟು ಖಾತ್ರಿ' ಅಂತ ದಪ್ಪ ಅಕ್ಷರ. ಒಪ್ಪಂದ ಬಿಡಿಸಿದರೆ 'ಅರ್ಜಿ ಸಲ್ಲಿಸಲು ನೆರವು ನೀಡಲಾಗುವುದು, ಪ್ರವೇಶದ ನಿರ್ಧಾರ ವಿಶ್ವವಿದ್ಯಾಲಯದ್ದು' ಅಂತ ಸಣ್ಣ ಅಕ್ಷರ. ಕೊನೆಗೆ 'ಯಾವುದೇ ಕಾರಣಕ್ಕೂ ಶುಲ್ಕ ಮರಳಿಸುವುದಿಲ್ಲ'. ಓದಿದ ಅಪ್ಪನ ಮುಖ ಸಪ್ಪಗಾಯಿತು.

ನನ್ನ ಲೆಕ್ಕದಲ್ಲಿ ಗೆಲ್ಲುವ ದಾರಿ ಇಲ್ಲೇ ಇದೆ. ಸೀಟು ಕೊಡಿಸಲಿಲ್ಲ ಎಂಬುದರ ಮೇಲಷ್ಟೇ ದೂರು ನಿಲ್ಲಿಸಿದರೆ ಅವರು ಒಪ್ಪಂದ ತೋರಿಸಿ ಜಾರಿಕೊಳ್ಳುತ್ತಾರೆ. ಒಪ್ಪಂದದ ಪ್ರಕಾರವೇ ಮಾಡಬೇಕಿದ್ದ ಕೆಲಸ, ಅಂದರೆ ಐದು ಅರ್ಜಿ ಹೊತ್ತಿಗೆ ಸರಿಯಾಗಿ ಹಾಕುವುದು, ಆಗಿಲ್ಲ ಅಂತ ಹಿಡಿಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಸೇವಾ ನ್ಯೂನತೆ ಅನ್ನುತ್ತದೆ. ಪಾಂಪ್ಲೆಟ್ ಎರಡನೇ ಅಸ್ತ್ರ. ಆಗದ್ದನ್ನು ಆಗುತ್ತದೆ ಅಂತ ಜಾಹೀರಾತು ಮಾಡಿದ್ದು ಅನುಚಿತ ವ್ಯಾಪಾರ ಪದ್ಧತಿ. ಇನ್ನು ಕೆಲಸವನ್ನೇ ಮಾಡದೆ ಪೂರ್ತಿ ಹಣ ಇಟ್ಟುಕೊಳ್ಳುವ ಷರತ್ತನ್ನು ಅದೇ ಕಾಯ್ದೆಯ ಅನ್ಯಾಯದ ಒಪ್ಪಂದದ ವಿವರಣೆ ಮುಂದಿಟ್ಟು ಪ್ರಶ್ನಿಸಬಹುದು.

ಐದೂ ಅರ್ಜಿ ಸಮಯಕ್ಕೆ ಹೋಗಿ ಐದೂ ಕಡೆ ತಿರಸ್ಕಾರವಾಗಿದ್ದರೆ? ಆಗ ಕೇಸು ಅಷ್ಟು ಗಟ್ಟಿ ಅಲ್ಲ. ಖಾತ್ರಿಯ ಮಾತು ಬರಹದಲ್ಲಿ ಇದೆಯೇ ಎಂಬುದರ ಮೇಲೆ ನಿಲ್ಲುತ್ತದೆ.

ಎಷ್ಟು ಕೇಳಬೇಕು?

ಶುಲ್ಕ 1,50,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 27,000. ಒಟ್ಟು 1,77,000. ಇದರಲ್ಲಿ 50,000 ಫೋನ್‌ಪೇ, ಒಂದು ಲಕ್ಷ ಬ್ಯಾಂಕ್ ಮೂಲಕ, 27,000 ನಗದು. ನಗದಿಗೆ ರಸೀದಿ ಇಲ್ಲ! ಹುಡುಕಿದಾಗ ಕೌನ್ಸೆಲರ್‌ಳ ಒಂದು ಮೆಸೇಜ್ ಸಿಕ್ಕಿತು: 'ಅಂಕಲ್ 27 ಕೊಟ್ಟು ಹೋದ್ರು, ಥ್ಯಾಂಕ್ಯೂ.' ಆ ಒಂದು ಸಾಲಿನಿಂದ 27,000 ಲೆಕ್ಕಕ್ಕೆ ಬಂತು. ಇದಲ್ಲದೆ ಯೂನಿ-ಅಸಿಸ್ಟ್ ಶುಲ್ಕ ಅಂತ 20,000 ತೆಗೆದುಕೊಂಡಿದ್ದರು. ಹೋದ ಒಂದು ಅರ್ಜಿಯೂ ತಡವಾಗಿ ಹೋಗಿ ವ್ಯರ್ಥವಾದ್ದರಿಂದ ಆ 20,000 ಪೂರ್ತಿ ಕೇಳಿದೆವು. ಅಲ್ಲಿಗೆ 1,97,000.

ಕೇಳದೆ ಬಿಟ್ಟದ್ದೂ ಇದೆ. ಅಂಕಪಟ್ಟಿ, ಪದವಿ ಅಸಲಿ ಅಂತ ಜರ್ಮನಿಗೆ ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000, ಜೊತೆಗೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಶುಲ್ಕ. ಅವನ್ನು ಹುಡುಗನೇ ನೇರವಾಗಿ ಕಟ್ಟಿದ್ದ, ಎರಡೂ ಅವನ ಕೈಯಲ್ಲಿವೆ, ಮುಂದಿನ ಅರ್ಜಿಗೆ ಬರುತ್ತವೆ. ಎಲ್ಲ ಖರ್ಚನ್ನೂ ತುರುಕಿದರೆ ನ್ಯಾಯವಾದ ಲೆಕ್ಕವೂ ಸುಳ್ಳಿನ ಹಾಗೆ ಕಾಣುತ್ತದೆ.

ಪತ್ರ ಯಾರಿಗೆ, ಹೇಗೆ?

ಬೋರ್ಡಿನ ಮೇಲಿನ ಹೆಸರು ಬ್ರ್ಯಾಂಡಿನದ್ದು. ದುಡ್ಡು ಹೋದದ್ದು ಯಾರ ಖಾತೆಗೆ ಅಂತ ನೋಡಿ. ಇಲ್ಲಿ ಫೋನ್‌ಪೇ ಹಣ ಹಾಸನದ ಫ್ರಾಂಚೈಸಿ ಮಾಲೀಕನಿಗೆ, ಬ್ಯಾಂಕ್ ಹಣ ಬೆಂಗಳೂರಿನ ಕಂಪನಿಗೆ ಹೋಗಿತ್ತು. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ gst.gov.in ತಾಣದಲ್ಲಿ ಹಾಕಿ ನೋಡಿ. ಕಾನೂನು ಪ್ರಕಾರದ ಹೆಸರು ಅಲ್ಲಿ ಸಿಗುತ್ತದೆ. ಪತ್ರ ಇಬ್ಬರಿಗೂ ಹೋಗಬೇಕು. ಇಲ್ಲದಿದ್ದರೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು.

ವಕೀಲರ ನೋಟಿಸೇ ಬೇಕು ಅಂತಿಲ್ಲ. ಅಪ್ಪ-ಮಗ ಇಬ್ಬರೂ ಸಹಿ ಮಾಡಿದ ಪತ್ರ ಸಾಕು, ಯಾಕೆಂದರೆ ದುಡ್ಡು ಅಪ್ಪನದು, ಸೇವೆ ಮಗನಿಗೆ ಬೇಕಿದ್ದದ್ದು. ನಾವು ಬರೆದ ಪತ್ರದ ತಿರುಳು ಇಷ್ಟೇ:

"ದಿನಾಂಕ ___ರ ಒಪ್ಪಂದದಂತೆ ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸಲು ನಿಮಗೆ ಕೆಳಗಿನ ಪಟ್ಟಿಯಂತೆ 1,97,000 ರೂಪಾಯಿ ಪಾವತಿಸಿದ್ದೇವೆ. ಪೋರ್ಟಲ್ ದಾಖಲೆಯ ಪ್ರಕಾರ ನಾಲ್ಕು ಅರ್ಜಿ ಸಲ್ಲಿಕೆಯೇ ಆಗಿಲ್ಲ. ಒಂದು ಅರ್ಜಿ ಕೊನೆಯ ದಿನ ಕಳೆದು 14 ದಿನಕ್ಕೆ ಸಲ್ಲಿಕೆಯಾಗಿದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಪೂರ್ತಿ ಹಣವನ್ನು ಈ ಖಾತೆಗೆ ಜಮಾ ಮಾಡಿ, ನಿಮ್ಮ ಬಳಿ ಇರುವ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಿ. ತಪ್ಪಿದರೆ ಬಡ್ಡಿ, ಪರಿಹಾರ ಮತ್ತು ಖರ್ಚಿನ ಸಮೇತ ಹಾಸನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ."

ಬೈಗುಳ ಇಲ್ಲ, 'ಟಿವಿಯವರನ್ನು ಕರೆಸ್ತೀವಿ' ಇಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದರ ಪ್ರಿಂಟ್ ತೆಗೆದಿಡಿ. ಇಮೇಲ್ ಕೂಡ ಮಾಡಿ. ಲಕೋಟೆ 'ತೆಗೆದುಕೊಳ್ಳಲಿಲ್ಲ' ಅಂತ ವಾಪಸ್ ಬಂದರೆ ಒಡೆಯದೆ ಹಾಗೇ ಇಡಿ. ಅದೂ ಸಾಕ್ಷಿಯೇ.

ಬರುವ ಉತ್ತರಗಳು

'ಮುಂದಿನ ಇನ್‌ಟೇಕ್‌ಗೆ ಅಡ್ಜಸ್ಟ್ ಮಾಡ್ತೀವಿ' ಎಂಬುದು ಮಾಮೂಲಿ. ಒಪ್ಪುವುದಿಲ್ಲ ಅಂತ ಬರಹದಲ್ಲೇ ಹೇಳಿ. ಸುಮ್ನೆ ಇದ್ದರೆ ಒಪ್ಪಿದಿರಿ ಅನ್ನುತ್ತಾರೆ. 'ಶಿಕ್ಷಣ ಗ್ರಾಹಕ ಕಾನೂನಿಗೆ ಬರಲ್ಲ' ಅಂತಲೂ ಹೆದರಿಸಬಹುದು. ಆ ವಾದ ಪಾಠ ಹೇಳುವ ಸಂಸ್ಥೆಗಳದ್ದು. ಇವರು ಪಾಠ ಹೇಳುವುದಿಲ್ಲ, ಅರ್ಜಿ ಹಾಕಿಕೊಡುವ ಸೇವೆ ಮಾರುತ್ತಾರೆ.

ಮುಂದಿನ ದಿನಾಂಕದ ಚೆಕ್ ಕೊಟ್ಟರೆ ತೆಗೆದುಕೊಳ್ಳಬಹುದು, ಆದರೆ ಚೆಕ್ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಬರಹದ ನೋಟಿಸ್ ಹೋಗಬೇಕು. ಅದು ತಲುಪಿ 15 ದಿನದಲ್ಲೂ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಚೆಕ್ ಬೌನ್ಸ್ ಕೇಸು ಹಾಕಬೇಕು.

ಬಗ್ಗದಿದ್ದರೆ

1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅವರು ಆದೇಶ ಮಾಡಲಾರರು, ಸಂಧಾನ ಮಾತ್ರ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗವೇ ಗತಿ. ಪಾವತಿ ಮಾಡಿದ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. e-jagriti.gov.in ಮೂಲಕ ಮನೆಯಿಂದಲೂ ಹಾಕಬಹುದು. 'ವ್ಯಾಜ್ಯ ಬೆಂಗಳೂರಿನ ಕೋರ್ಟಿನಲ್ಲಿ ಮಾತ್ರ' ಅಂತ ಒಪ್ಪಂದದಲ್ಲಿ ಇತ್ತು. ಆದರೆ 2019ರ ಕಾಯ್ದೆ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಬೇಲೂರಿನವರು ಹಾಸನದಲ್ಲೇ ಹಾಕಬಹುದು.

ಗಡುವು ಎರಡು ವರ್ಷ. ಪತ್ರ ಬರೆಯುತ್ತಾ, ಫೋನ್ ಮಾಡುತ್ತಾ ಇದ್ದರೆ ಆ ಗಡುವು ಮುಂದಕ್ಕೆ ಹೋಗುವುದಿಲ್ಲ. ಪ್ರಕರಣ ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ, ಆದರೆ ಅದಕ್ಕಿಂತ ಜಾಸ್ತಿ ಹಿಡಿದರೆ ಆಶ್ಚರ್ಯಪಡಬೇಡಿ.

ಈ ಅಪ್ಪ-ಮಗ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಪತ್ರ ತಲುಪಿದ ಹನ್ನೆರಡನೇ ದಿನ ಫೋನ್ ಬಂತು, ಒಂದು ಲಕ್ಷ ಕೊಡ್ತೀವಿ ಅಂತ. ಒಪ್ಪಲಿಲ್ಲ. ಪೋರ್ಟಲ್‌ನ ಪ್ರಿಂಟ್ ಹಾಗೂ ಸಿದ್ಧವಾಗಿದ್ದ ದೂರಿನ ಪ್ರತಿಯನ್ನು ಇಮೇಲ್ ಮಾಡಿದ ಮೇಲೆ 1,77,000ಕ್ಕೆ ಬಂದರು, 20,000 ಮಾತ್ರ ಬಿಡಿ ಅಂದರು. ಅಪ್ಪ ಒಂದು ರಾತ್ರಿ ಯೋಚಿಸಿ ಹೂಂ ಅಂದರು. ಬಡ್ಡಿಯನ್ನೂ ಬಿಟ್ಟರು. ನಾನಾಗಿದ್ದರೆ ಇನ್ನೊಂದು ವಾರ ಎಳೆಯುತ್ತಿದ್ದೆ, ಆದರೆ ದುಡ್ಡು ಅವರದ್ದು. ಕನ್ಸಲ್ಟೆನ್ಸಿಯವರು ತಂದ ಕಾಗದದಲ್ಲಿ 'ಹಣ ಪೂರ್ತಿ ಸಂದಾಯವಾಗಿದೆ' ಅಂತ ಮೊದಲೇ ಟೈಪ್ ಆಗಿತ್ತು. ಹುಡುಗ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಮರುದಿನ ಮಧ್ಯಾಹ್ನ ಅಪ್ಪನ ಖಾತೆಗೆ ಹಣ ಬಿದ್ದ ಮೆಸೇಜ್ ನೋಡಿದ ಮೇಲೆ ಇಬ್ಬರೂ ಸಹಿ ಹಾಕಿದರು.