ಗೋಡೆಯ ಮೇಲಿನ ಹತ್ತು ಸಾಲು: ನನ್ನ ಪರಿಚಯ ನಾನೇ ಬರೆದ ಅನುಭವ

ಬೆಂಗಳೂರಿನ ಶ್ರೀನಗರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಸ್ಟೋರ್ ಇದೆ. 2021ರಲ್ಲಿ ಬೋರ್ಡ್ ಹಳೆಯದಾಯಿತೆಂದು ಹೊಸದು ಮಾಡಿಸಿದೆ. ಜೊತೆಗೆ ಕೌಂಟರ್ ಹಿಂದಿನ ಗೋಡೆಗೆ ನನ್ನ ಪರಿಚಯದ ಒಂದು ಫಲಕವೂ ಇರಲಿ ಅನ್ನಿಸಿತು. ಫ್ಲೆಕ್ಸ್ ಅಂಗಡಿಯವರು ಹತ್ತು ನಿಮಿಷದಲ್ಲಿ ಬರೆದುಕೊಟ್ಟರು. '25 ವರ್ಷಗಳ ಅನುಭವ, ಬಿ.ಪಿ. ಮತ್ತು ಶುಗರ್ ಸಲಹಾ ತಜ್ಞೆ, ನಿಮ್ಮ ಆರೋಗ್ಯವೇ ನಮ್ಮ ಗುರಿ.' ನಾನೂ ಸರಿ ಎಂದು ಹಾಕಿಸಿಬಿಟ್ಟೆ.

ಒಂದು ವಾರ ಆಗಿರಬಹುದು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಬಿ.ಪಿ. ಮಾತ್ರೆಗೆ ಬಂದವರು ಫಲಕವನ್ನು ಪೂರ್ತಿ ಓದಿದರು. "ಇಪ್ಪತ್ತೈದು ವರ್ಷ ಅಂದ್ರೆ ಯಾವಾಗಿಂದ ಲೆಕ್ಕಮ್ಮಾ? ನಿನಗೆ ವಯಸ್ಸೆಷ್ಟು?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಚಾಮರಾಜಪೇಟೆಯ ದೊಡ್ಡಪ್ಪನ ಅಂಗಡಿಯಲ್ಲಿ ಕೂತಿದ್ದೆ, ಅಲ್ಲಿಂದ ಲೆಕ್ಕ ಎಂದೆ. "ಅವಾಗ ನೀನು ಫಾರ್ಮಸಿಸ್ಟಾ?" ಎಂದರು. ಅಲ್ಲ. ಡಬ್ಬ ಒರೆಸುತ್ತಿದ್ದೆ, ಬಿಲ್ ಬರೆಯುತ್ತಿದ್ದೆ.

ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಹಾಳೆ ತೆಗೆದುಕೊಂಡು ನನ್ನ ವರ್ಷಗಳನ್ನು ಬರೆದೆ. ಪಿಯುಸಿ ಆದ ಮೇಲೆ ಎರಡು ವರ್ಷ ದೊಡ್ಡಪ್ಪನ ಅಂಗಡಿಯಲ್ಲೇ ಕೆಲಸ. 2000ದಿಂದ 2002ರವರೆಗೆ ಡಿ.ಫಾರ್ಮ್. ಅದಾದ ಮೇಲೆ ಆಸ್ಪತ್ರೆಯ ಫಾರ್ಮಸಿಯಲ್ಲಿ ತರಬೇತಿ. ಡಿ.ಫಾರ್ಮ್ ಮಾಡಿದವರೆಲ್ಲ ಕನಿಷ್ಠ 3 ತಿಂಗಳಲ್ಲಿ ಹರಡಿದ 500 ಗಂಟೆ ತರಬೇತಿ ಮುಗಿಸಲೇಬೇಕು. 2003ರಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆಯಿತು. 2003ರಿಂದ 2009ರವರೆಗೆ ಒಂದು ನರ್ಸಿಂಗ್ ಹೋಮ್ ಫಾರ್ಮಸಿಯಲ್ಲಿದ್ದೆ. ನಂತರ ಮಗಳು ಹುಟ್ಟಿದಳು, 3 ವರ್ಷ ಮನೆಯಲ್ಲಿದ್ದೆ. 2012ರಲ್ಲಿ ಈ ಅಂಗಡಿ.

ಕೂಡಿ ನೋಡಿದರೆ, ನೋಂದಣಿ ಆದ ಮೇಲೆ ಕೆಲಸ ಮಾಡಿದ್ದು 15 ವರ್ಷ. ಗೋಡೆಯ ಮೇಲೆ 25 ಇತ್ತು. ಹತ್ತು ವರ್ಷ ಜಾಸ್ತಿ. ಆ 25ರಲ್ಲಿ ಒಂದೊಂದು ವರ್ಷಕ್ಕೂ ನನ್ನ ಹತ್ತಿರ ಏನೋ ಒಂದು ಕಾರಣ ಇತ್ತು. ಆದರೆ ಓದುವವರು ಅದನ್ನು 'ಇಪ್ಪತ್ತೈದು ವರ್ಷದಿಂದ ಚೀಟಿ ನೋಡಿ ಮದ್ದು ಕೊಟ್ಟವಳು' ಎಂದೇ ತಿಳಿಯುತ್ತಾರೆ. ನೋಂದಣಿ ಇಲ್ಲದವರು ಚೀಟಿ ನೋಡಿ ಮದ್ದು ಕೊಡುವಂತಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಹೇಳುವುದೇ ಅದನ್ನು. ಹಾಗಾಗಿ ಫಾರ್ಮಸಿಸ್ಟ್‌ನ ಅನುಭವ ನೋಂದಣಿಯ ದಿನದಿಂದಲೇ ಶುರುವಾಗಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ಮುಂಚಿನದನ್ನು ಬರೆಯಲೇಬೇಕೆಂದರೆ 'ಅಂಗಡಿಯಲ್ಲಿ ಸಹಾಯಕಿ' ಎಂದು ಬೇರೆಯಾಗಿ ಬರೆಯಬೇಕು.

'15 ವರ್ಷ' ಎಂದೂ ಬರೆಯಲಿಲ್ಲ. ಆ ಅಂಕಿ ಮುಂದಿನ ವರ್ಷವೇ ತಪ್ಪಾಗುತ್ತದೆ, ಯಾರೂ ತಿದ್ದುವುದಿಲ್ಲ. ಅದರ ಬದಲು ಇಸವಿಗಳನ್ನೇ ಬರೆದೆ. 2009ರಿಂದ 2012ರ ನಡುವಿನ ಖಾಲಿ ಜಾಗ ಎಲ್ಲರಿಗೂ ಕಾಣುತ್ತದೆ. ಕೆಲವರು ಕೇಳಿದ್ದಾರೆ, ಮಗಳ ವಿಷಯ ಹೇಳಿದ್ದೇನೆ. ಆ 3 ವರ್ಷವೂ ನೋಂದಣಿ ನವೀಕರಿಸುತ್ತಲೇ ಇದ್ದೆ. ಮನೆಯಲ್ಲಿದ್ದೇನಲ್ಲ, ಯಾಕೆ ಸುಮ್ನೆ ದುಡ್ಡು ಕಟ್ಟುವುದು ಎಂದು ಬಿಟ್ಟರೆ ಪಟ್ಟಿಯಿಂದ ಹೆಸರೇ ಹೋಗಬಹುದು.

ತಜ್ಞೆ ಅನ್ನುವ ಪದವನ್ನು ಅದೇ ರಾತ್ರಿ ಹೊಡೆದುಹಾಕಿದೆ. ನನ್ನ ಓದು ಡಿ.ಫಾರ್ಮ್. ಬಿ.ಪಿ. ಮಾತ್ರೆ ಹೇಗೆ ತೆಗೆದುಕೊಳ್ಳಬೇಕು, ಇನ್ಸುಲಿನ್ ಎಲ್ಲಿಡಬೇಕು ಎಂದು ಹೇಳುವುದು ನನ್ನ ಕೆಲಸ. ಶುಗರ್‌ಗೆ ಏನು ಮದ್ದು ಎಂದು ಹೇಳುವುದು ಅಲ್ಲ. ಸಲಹಾ ತಜ್ಞೆ ಎಂದು ಓದಿದವರು ಡಾಕ್ಟರ ಹತ್ತಿರ ಹೋಗುವ ಬದಲು ನನ್ನ ಹತ್ತಿರ ಬಂದರೆ ಅದು ಅವರಿಗೇ ಅಪಾಯ.

ನಂಬರಿನ ವಿಷಯಕ್ಕೆ ಬರುತ್ತೇನೆ. ಹಳೆ ಫಲಕದಲ್ಲಿ ಡ್ರಗ್ ಲೈಸೆನ್ಸ್ ನಂಬರ್ ಮಾತ್ರ ಇತ್ತು. ಎಷ್ಟೋ ಅಂಗಡಿಗಳಲ್ಲಿ ಅಷ್ಟೇ ಇರುತ್ತದೆ. ಆದರೆ ಆ ಲೈಸೆನ್ಸ್ ಅಂಗಡಿಗೆ ಕೊಟ್ಟದ್ದು, ನನಗೆ ಕೊಟ್ಟದ್ದಲ್ಲ. ಅಂಗಡಿಯ ಲೈಸೆನ್ಸ್‌ನಲ್ಲಿ ಚಿಲ್ಲರೆ ಮಾರಾಟಕ್ಕೆ ಫಾರಂ 20 ಮತ್ತು 21 ಇರುತ್ತವೆ. ಅವನ್ನು ಜನರಿಗೆ ಕಾಣುವ ಹಾಗೆ ತೂಗುಹಾಕಬೇಕು. ಕೌಂಟರಿನಲ್ಲಿ ನಿಂತ ಮನುಷ್ಯರು ಯಾರು ಎಂದು ಹೇಳುವುದು ಫಾರ್ಮಸಿ ಕೌನ್ಸಿಲ್‌ನ ನೋಂದಣಿ ಸಂಖ್ಯೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದೆ. ಒಂದರ ಮುಂದೆ 'ಅಂಗಡಿಯ ಲೈಸೆನ್ಸ್', ಇನ್ನೊಂದರ ಮುಂದೆ 'ನನ್ನ ನೋಂದಣಿ'. ನೋಂದಣಿಯ ಪಕ್ಕದಲ್ಲಿ ಅದು ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ಎಂಬ ದಿನಾಂಕ ಹಾಕಿದೆ. ಆ ದಿನಾಂಕ ಮಾತ್ರ ಸ್ಟಿಕ್ಕರ್, ನವೀಕರಣ ಆದಾಗ ಬದಲಿಸುತ್ತೇನೆ. ಅನುಮಾನ ಇದ್ದವರು ಕೌನ್ಸಿಲ್‌ನಲ್ಲಿ ವಿಚಾರಿಸಬಹುದು ಎಂದೂ ಬರೆದೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಬಾಕಿ ಇತ್ತು. ಬರೆಯಲು ತುಂಬ ಕಷ್ಟವಾದದ್ದು ಅದೇ. ನಾನು ಅಂಗಡಿಯಲ್ಲಿ ಇರುವ ಹೊತ್ತು ಯಾವುದು?

ಸರ್ಟಿಫಿಕೇಟ್ ಗೋಡೆಯ ಮೇಲೆ ಒಬ್ಬರದು, ಕೌಂಟರಿನಲ್ಲಿ ಇನ್ನೊಬ್ಬರು, ಇದನ್ನು ಜನ ಎಷ್ಟೋ ಕಡೆ ನೋಡಿದ್ದಾರೆ. ಹಾಗಾಗಿ ಫೋಟೊ ಇರುವ ಸರ್ಟಿಫಿಕೇಟನ್ನೂ ಅವರು ಪೂರ್ತಿ ನಂಬುವುದಿಲ್ಲ. ನನ್ನ ಅಂಗಡಿಯಲ್ಲೂ ಮಧ್ಯಾಹ್ನ 2ರಿಂದ 5ರವರೆಗೆ ನಾನು ಮನೆಗೆ ಹೋಗುತ್ತಿದ್ದೆ. ಕೆಲಸದ ಹುಡುಗ ಇರುತ್ತಿದ್ದ. ಒಳ್ಳೆಯ ಹುಡುಗ, ಚುರುಕು. ಆ ಹೊತ್ತಿನಲ್ಲಿ ಚೀಟಿ ಬಂದರೆ ನನಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಿದ್ದ. ನಾನು ನೋಡಿ ಹೇಳುತ್ತಿದ್ದೆ, ಅವನು ಕೊಡುತ್ತಿದ್ದ. ಅದರಲ್ಲಿ ತಪ್ಪಿಲ್ಲ ಎಂದೇ ತಿಳಿದಿದ್ದೆ.

ಪರಿಚಯ ಬರೆಯಲು ಕೂತಾಗ ಅದು ತಪ್ಪು ಎಂದು ಅರಿವಾಯಿತು. ಚೀಟಿಯ ಮದ್ದು ನೋಂದಾಯಿತ ಫಾರ್ಮಸಿಸ್ಟ್‌ನ ಮೇಲ್ವಿಚಾರಣೆಯಲ್ಲೇ ಕೈದಾಟಬೇಕು. ಮನೆಯಲ್ಲಿ ಅನ್ನ ಬಡಿಸುತ್ತಾ ಫೋನ್ ನೋಡುವುದು ಮೇಲ್ವಿಚಾರಣೆ ಹೇಗಾದೀತು? ಹುಡುಗ ಯಾವ ಸ್ಟ್ರಿಪ್ ತೆಗೆದ, ಎಷ್ಟು ಮಿಲಿಗ್ರಾಂನದು, ಅದು ನನಗೆ ಕಾಣುವುದಿಲ್ಲ. ಹಾಗಾಗಿ ಫಲಕದಲ್ಲಿ ಹೀಗೆ ಬರೆದೆ: 'ನಾನು ಅಂಗಡಿಯಲ್ಲಿ ಇರುವುದು ಬೆಳಗ್ಗೆ 9ರಿಂದ 2, ಸಂಜೆ 5ರಿಂದ 9. ಉಳಿದ ಹೊತ್ತಿನಲ್ಲಿ ಚೀಟಿಯ ಮದ್ದು ಕೊಡುವುದಿಲ್ಲ.' ಆ ಮೂರು ಗಂಟೆ ಬ್ಯಾಂಡೇಜ್, ಹತ್ತಿ, ಡೈಪರ್, ಸೋಪು ಇಷ್ಟೇ.

ಮೊದಲ ಎರಡು ತಿಂಗಳು ವ್ಯಾಪಾರ ಕಡಿಮೆಯಾಯಿತು. "ಅಕ್ಕ, ಎಲ್ಲರೂ ಎದುರಿನ ಅಂಗಡಿಗೆ ಹೋಗ್ತಿದ್ದಾರೆ" ಎಂದು ಹುಡುಗ ಬೇಜಾರು ಮಾಡಿಕೊಂಡ. ಹೋದವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ಆದರೆ ತಿಂಗಳ ಮದ್ದು ತೆಗೆದುಕೊಳ್ಳುವವರು, ಅಂದರೆ ಬಿ.ಪಿ., ಥೈರಾಯ್ಡ್, ಹೃದಯದ ಮಾತ್ರೆಯವರು, ನಾನಿರುವ ಹೊತ್ತು ನೋಡಿಕೊಂಡು ಬರತೊಡಗಿದರು. ಬಂದವರು ಪ್ರಶ್ನೆ ಕೇಳತೊಡಗಿದರು. ಮೊದಲು ಹಾಗೆ ಕೇಳುತ್ತಿರಲಿಲ್ಲ.

ಫಲಕದ ಕೊನೆಯ ಸಾಲು ಮಾತ್ರ ಒಂದು ಜಗಳದಿಂದ ಬಂದದ್ದು. ಕೀಲುನೋವಿನ ಒಬ್ಬ ಅಮ್ಮನಿಗೆ ಮಗ ಚೀಟಿ ತಂದಿದ್ದರು. ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, ಪಕ್ಕದಲ್ಲಿ ದಿನಕ್ಕೊಂದು ಸಲ ಎಂದು ಓದುವ ಹಾಗಿದ್ದ ಗೀಚು, 30 ದಿನಕ್ಕೆ. ಕೀಲುವಾತಕ್ಕೆ ಈ ಮಾತ್ರೆ ಕೊಡುವುದು ವಾರಕ್ಕೊಂದೇ ಸಲ. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜೀವಕ್ಕೇ ಕುತ್ತು. 2.5 ಮಿಲಿಗ್ರಾಂನ ಮಾತ್ರೆ ಆದರೆ ಒಂದು ಸಲಕ್ಕೆ 3. ನಾಲ್ಕು ವಾರಕ್ಕೆ 12 ಮಾತ್ರೆ. ಚೀಟಿಯನ್ನು ಇದ್ದ ಹಾಗೆಯೇ ಓದಿ ಕೊಟ್ಟಿದ್ದರೆ 90.

ಡಾಕ್ಟರಿಗೆ ಫೋನ್ ಮಾಡಬೇಕು, ಸ್ವಲ್ಪ ಕೂತ್ಕೊಳ್ಳಿ ಎಂದೆ. ಮಗನಿಗೆ ಸಿಟ್ಟು ಬಂತು. "ನೀವೇನು ಡಾಕ್ಟ್ರಾ ಮೇಡಂ? ಬರೆದಿರೋದು ಕೊಡಿ" ಎಂದರು. ಫೋನ್ ಸಿಗುವಷ್ಟರಲ್ಲಿ ಇಪ್ಪತ್ತು ನಿಮಿಷ ಆಯಿತು. ವಾರಕ್ಕೊಂದೇ ಎಂದು ಡಾಕ್ಟರು ಹೇಳಿದರು, ಚೀಟಿ ವಾಪಸ್ ಕಳಿಸಿ ಎಂದರು, ತಿದ್ದಿ ಸಹಿ ಹಾಕಿಕೊಟ್ಟರು. ನಾನು 12 ಮಾತ್ರೆ ಎಣಿಸಿ, ಕವರಿನ ಮೇಲೆ ದಪ್ಪಕ್ಷರದಲ್ಲಿ 'ಸೋಮವಾರ ಮಾತ್ರ, 3 ಮಾತ್ರೆ' ಎಂದು ಬರೆದುಕೊಟ್ಟೆ. ಯಾವ ವಾರ ಎಂದು ಅವರನ್ನೇ ಕೇಳಿ ಬರೆದೆ. ಅಮ್ಮ ಸೋಮವಾರ ಒಪ್ಪತ್ತು ಇರುತ್ತಾರೆ, ಆ ದಿನ ಮರೆಯುವುದಿಲ್ಲ ಎಂದರು.

ಮಗನ ಸಿಟ್ಟು ತಪ್ಪಲ್ಲ. ಫಾರ್ಮಸಿಸ್ಟ್ ಆದವರು ಚೀಟಿಯನ್ನು ಪ್ರಶ್ನಿಸುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಫಲಕವೂ ಹೇಳಿರಲಿಲ್ಲ. ಅದಕ್ಕೇ 'ನಿಮ್ಮ ಆರೋಗ್ಯವೇ ನಮ್ಮ ಗುರಿ' ಇದ್ದ ಜಾಗದಲ್ಲಿ ಈಗ ಹೀಗಿದೆ: 'ಚೀಟಿಯಲ್ಲಿ ಅನುಮಾನ ಬಂದರೆ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ದಯವಿಟ್ಟು ಕೂತಿರಿ.' ಫಲಕದ ಕೆಳಗೆ ಎರಡು ಸ್ಟೂಲ್ ಹಾಕಿಸಿದ್ದೇನೆ.

ಪೂರ್ತಿ ಫಲಕ ಈಗ ಹತ್ತು ಸಾಲು. ಮೇಲೆ ನನ್ನ ಹೆಸರು, ಅದರ ಮುಂದೆ ಡಿ.ಫಾರ್ಮ್, ಮುಗಿಸಿದ ವರ್ಷ. ಆಮೇಲೆ ನನ್ನ ನೋಂದಣಿ ಸಂಖ್ಯೆ, ಚಾಲ್ತಿಯ ದಿನಾಂಕ, ಅಂಗಡಿಯ ಲೈಸೆನ್ಸ್. ಕೆಲಸದ ಇಸವಿಗಳು ಎರಡು ಸಾಲು. ನಾನಿರುವ ಹೊತ್ತು. ಮಾತಾಡುವ ಭಾಷೆಗಳು: ಕನ್ನಡ, ತೆಲುಗು, ಸ್ವಲ್ಪ ಉರ್ದು. 'ಸ್ವಲ್ಪ' ಎಂದು ಬರೆದದ್ದರಿಂದ ಉರ್ದು ಮಾತಾಡುವವರು ನಿಧಾನವಾಗಿ ಮಾತಾಡುತ್ತಾರೆ. ಅದರಿಂದ ನನಗೆ ತುಂಬ ಉಪಕಾರ ಆಗಿದೆ. ಕನ್ನಡದ ಅಕ್ಷರ ದೊಡ್ಡದು, ಇಂಗ್ಲಿಷ್ ಕೆಳಗೆ ಚಿಕ್ಕದು. ಕನ್ನಡಕ ಹಾಕದೆ ಸ್ಟೂಲಿನಿಂದ ಓದಲು ಆಗುತ್ತದೆಯೇ ಎಂದು ಮೇಷ್ಟ್ರನ್ನೇ ಕೂರಿಸಿ ಓದಿಸಿದೆ. ಎರಡು ಸಲ ಅಕ್ಷರ ದೊಡ್ಡದು ಮಾಡಿಸಬೇಕಾಯಿತು.

ಈ ವರ್ಷ ಮಧ್ಯಾಹ್ನದ ಮೂರು ಗಂಟೆಗೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ. ಬಿ.ಫಾರ್ಮ್ ಮುಗಿಸಿ ಹೊಸದಾಗಿ ನೋಂದಣಿ ಮಾಡಿಸಿದವಳು. ಅವಳ ಫಲಕ ಬರೆಯುವಾಗ ಅನುಭವದ ಸಾಲು ಬೇಡ ಎಂದಳು. "ಬರೀ ಎಂಟು ತಿಂಗಳು ಅಕ್ಕ, ಓದಿದವರು ನನ್ನ ಹತ್ರ ಮದ್ದು ತಗೋತಾರಾ?" ಎಂದು ಹೆದರಿದಳು. ನನ್ನ 25ರ ಕತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ನೋಂದಣಿಯ ತಿಂಗಳು ಮತ್ತು ಇಸವಿ ಎರಡನ್ನೂ ಅವಳೇ ಬರೆದುಕೊಟ್ಟಳು. ಅವಳ ಫಲಕ ನನ್ನದರ ಪಕ್ಕದಲ್ಲೇ ಇದೆ, ಅದೇ ಅಳತೆ, ಅದೇ ಅಕ್ಷರ. ಮಧ್ಯಾಹ್ನ ಬಂದವರು ಓದುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಚೀಟಿ ಕೊಡುತ್ತಾರೆ.