ಎಂಟು ತಿಂಗಳು ಒಗೆಯದ ಜೀನ್ಸ್ ಹರಿದದ್ದು ಎಲ್ಲಿ?

ನನ್ನ ಮೊದಲ ರಾ ಡೆನಿಮ್ ಪ್ಯಾಂಟ್, ಅಂದರೆ ನೇಯ್ದಮೇಲೆ ಒಗೆಯದೇ ಹಾಗೇ ಮಾರುವ ಜೀನ್ಸ್, ಮೊಣಕಾಲಿನ ಹತ್ತಿರ ಹರಿಯಲಿಲ್ಲ, ತೊಡೆಸಂದಿಯಲ್ಲಿ ಹರಿಯಿತು. ಬೈಕ್ ಹತ್ತೋಕೆ ಕಾಲೆತ್ತಿದೆ, ಪರ್ ಅಂತ ಸದ್ದಾಯಿತು. ಅದನ್ನು ಕೊಂಡು ಎಂಟು ತಿಂಗಳಾಗಿತ್ತು, ಒಂದು ಸಲವೂ ಒಗೆದಿರಲಿಲ್ಲ. ಒಗೆಯದೇ ಹಾಕಿಕೊಂಡಷ್ಟೂ ನೀಲಿ ಚೆಂದ ಮಾಸುತ್ತದೆ ಅಂತ ಯಾರೋ ಹೇಳಿದ್ದರು. ನಾನದನ್ನು ವ್ರತದ ಹಾಗೆ ಪಾಲಿಸಿದ್ದೆ.

ಆ ಮಾತು ಪೂರ್ತಿ ಸುಳ್ಳೇನಲ್ಲ. ಅರ್ಧ ನಿಜ. ಆ ಅರ್ಧ ಯಾವುದು ಅಂತ ಗೊತ್ತಾಗಿದ್ದು ಎರಡನೇ ಜೀನ್ಸ್ ಕೊಂಡಮೇಲೆ.

ಅದು ಉದ್ದ ಜಾಸ್ತಿ ಇತ್ತು. ಕೆಳಗೆ ಕತ್ತರಿಸಿ ಹೊಲಿಸಿದಾಗ ಒಂದು ತುಂಡು ಉಳಿಯಿತು. ಸುಮ್ನೆ ಕುತೂಹಲಕ್ಕೆ ಅದರ ಅಂಚಿನಿಂದ ಒಂದು ನೀಲಿ ಎಳೆ ಎಳೆದು, ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದೆ. ಸುತ್ತ ತೆಳ್ಳಗೆ ನೀಲಿ ಉಂಗುರ, ಒಳಗೆ ಬಿಳಿ ತಿರುಳು. ಡೆನಿಮ್‌ನಲ್ಲಿ ಹಾಸಿನ ಎಳೆ ಮಾತ್ರ ನೀಲಿ, ಹೊಕ್ಕಿನ ಎಳೆ ಬಿಳಿ ಅಂತ ಗೊತ್ತಿತ್ತು. ಆ ನೀಲಿ ಎಳೆಯ ಒಳಗೂ ಬಿಳಿಯೇ ಇರುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ.

ಕಾರಣ ಆ ನೀಲಿ ಬಣ್ಣದ, ಅಂದರೆ ಇಂಡಿಗೊದ ಸ್ವಭಾವ. ಅದು ನೀರಿನಲ್ಲಿ ಕರಗುವುದಿಲ್ಲ. ಬಣ್ಣದ ತೊಟ್ಟಿಯಲ್ಲಿ ರಾಸಾಯನಿಕ ಹಾಕಿ ಅದನ್ನು ಕರಗುವ ರೂಪಕ್ಕೆ ತರುತ್ತಾರೆ. ಆಗ ಅದು ನೀಲಿಯಾಗಿಯೇ ಇರುವುದಿಲ್ಲ. ನೂಲನ್ನು ಅದ್ದಿ ಮೇಲೆತ್ತಿದಾಗ ಹಳದಿ ಹಸಿರು ಕಾಣುತ್ತದೆ, ಗಾಳಿ ತಾಗಿದಮೇಲೆ ನೀಲಿಗೆ ತಿರುಗುತ್ತದೆ. ಹೀಗೆ ಹಲವು ಸಲ ಅದ್ದಿ, ಎತ್ತಿ, ಪದರದ ಮೇಲೆ ಪದರ ಕೂರಿಸುತ್ತಾರೆ. ತಿರುಳಿನವರೆಗೆ ಬಣ್ಣ ಇಳಿಯುವಷ್ಟು ಹೊತ್ತು ನೂಲು ಅದರಲ್ಲಿ ಇರುವುದಿಲ್ಲ. ಹಾಗಾಗಿ ಜೀನ್ಸ್ ಮಾಸುವುದು ಅಂದರೆ ಸಿಪ್ಪೆ ಸುಲಿದ ಹಾಗೆ. ಉಜ್ಜಿದ ಕಡೆ ನೀಲಿ ಸಿಪ್ಪೆ ಹೋಗಿ ಬಿಳಿ ಇಣುಕುತ್ತದೆ.

ಇಷ್ಟು ಅರ್ಥವಾದರೆ ಉಳಿದದ್ದು ಸುಲಭ. ಮೈಮೇಲೆ ಹಾಕಿಕೊಂಡು ಓಡಾಡಿದರೆ ಮಡಿಕೆ ಬೀಳುವ ಕಡೆ ಮಾತ್ರ ನೀಲಿ ಸವೆಯುತ್ತದೆ. ಒಗೆದರೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹೊಸ ರಾ ಡೆನಿಮ್‌ನಲ್ಲಿ ನೇಯುವಾಗ ಹಾಸಿನ ಎಳೆಗಳಿಗೆ ಹಚ್ಚಿದ ಗಂಜಿ ಇನ್ನೂ ಇರುತ್ತದೆ. ಬಟ್ಟೆ ರಟ್ಟಿನ ಹಾಗೆ ಸೆಟೆದುಕೊಂಡಿರುತ್ತದೆ. ಅದರಿಂದಲೇ ತೊಡೆಯ ಮೇಲಿನ ನೆರಿಗೆ, ಮೊಣಕಾಲ ಹಿಂದಿನ ಜೇನುಗೂಡಿನಂಥ ಗೆರೆ ದಿನಾ ಅದೇ ಜಾಗದಲ್ಲಿ ಬೀಳುತ್ತವೆ. ನೀರು ತಾಗಿದರೆ ಗಂಜಿ ಹೋಗುತ್ತದೆ, ಬಟ್ಟೆ ಮೆತ್ತಗಾಗುತ್ತದೆ, ಮಡಿಕೆ ಜಾಗ ಬದಲಿಸುತ್ತದೆ. ಮೊದಲ ಒಂದೆರಡು ತಿಂಗಳು ತಡೆದುಕೊಳ್ಳಿ ಅನ್ನುವುದಕ್ಕೆ ಇರುವ ಕಾರಣ ಇಷ್ಟೇ. ಎಂಟು ತಿಂಗಳು ತಡೆಯಲು ಯಾವ ಕಾರಣವೂ ಇಲ್ಲ. ಅಷ್ಟರಲ್ಲಿ ಮಡಿಕೆಗಳು ತಮ್ಮ ಜಾಗ ಹಿಡಿದು ಆಗಿರುತ್ತದೆ.

ಇತ್ತ ತೊಡೆಸಂದಿಯಲ್ಲಿ ಬೇರೆ ಕೆಲಸ ನಡೆಯುತ್ತಿರುತ್ತದೆ. ಬೆವರು ಒಣಗಿ ಉಪ್ಪು ಉಳಿಯುತ್ತದೆ, ಅದಕ್ಕೆ ಧೂಳು ಸೇರುತ್ತದೆ. ನಡೆದಾಗಲೆಲ್ಲ ಆ ಸಣ್ಣ ಹರಳುಗಳು ಎಳೆಗಳ ನಡುವೆ ಉಜ್ಜುತ್ತವೆ. ಮೊದಲ ಜೀನ್ಸ್ ಹರಿದಮೇಲೆ ಅದರ ಒಳಮಗ್ಗಲು ನೋಡಿದೆ. ನಾಲ್ಕು ಹೊಲಿಗೆ ಕೂಡುವ ಜಾಗದ ಪಕ್ಕದಲ್ಲಿ ನೀಲಿ ಎಳೆಗಳೆಲ್ಲ ತುಂಡಾಗಿ ಜುಂಗಾಗಿದ್ದವು. ಬಿಳಿ ಹೊಕ್ಕು ಮಾತ್ರ ಜಾಳಿಗೆಯ ಹಾಗೆ ಉಳಿದಿತ್ತು. ಅಂದರೆ ಅದು ಒಂದೇ ದಿನದಲ್ಲಿ ಹರಿದದ್ದಲ್ಲ. ವಾರಗಟ್ಟಲೆ ಮುನ್ಸೂಚನೆ ಕೊಟ್ಟಿತ್ತು, ನಾನು ನೋಡಿರಲಿಲ್ಲ.

ಎರಡನೇದು ಚದರ ಗಜಕ್ಕೆ 14 ಔನ್ಸ್ ತೂಗುವ ಬಟ್ಟೆ, ಸ್ಯಾನ್‌ಫರೈಸ್ ಮಾಡಿದ್ದು. ಅಂದರೆ ಗಿರಣಿಯಲ್ಲೇ ಕುಗ್ಗಿಸಿದ್ದು, ಆಮೇಲೆ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ ಕುಗ್ಗುತ್ತದೆ. ಹಾಗೆ ಮಾಡದ ಬಟ್ಟೆಯಾದರೆ ನೂರಕ್ಕೆ ಹತ್ತರವರೆಗೂ ಹೋಗಬಹುದು. ಕೊಳ್ಳುವಾಗ ಇದನ್ನು ಕೇಳದಿದ್ದರೆ ಎರಡನೇ ಸಲ ಹಾಕಿಕೊಳ್ಳಲು ಆಗುವುದಿಲ್ಲ. ನಾನು ಹೊಲಿಸುವ ಮೊದಲೇ ಬೆಚ್ಚಗಿನ ನೀರಿನಲ್ಲಿ ಸೋಪಿಲ್ಲದೆ ಅರ್ಧ ಗಂಟೆ ನೆನೆಸಿದೆ. ಒಳಗಾಲಿನ ಉದ್ದ 84 ಸೆಂಟಿಮೀಟರ್ ಇದ್ದದ್ದು ಒಣಗಿದಮೇಲೆ 82.5 ಆಯಿತು. ಗಂಜಿ ಒಂದಿಷ್ಟು ಹೋಯಿತು, ಹೋಗಲಿ ಬಿಡಿ ಅಂದೆ. ಅಳತೆ ತಪ್ಪಿದ ಪ್ಯಾಂಟಿಗಿಂತ ಅದು ವಾಸಿ.

ಆಮೇಲೆ ಹಾಕಿಕೊಂಡ ದಿನಕ್ಕೊಂದು ಗೀಟು ಕ್ಯಾಲೆಂಡರ್ ಮೇಲೆ. ತಿಂಗಳ ಲೆಕ್ಕ ಮೋಸ ಮಾಡುತ್ತದೆ, ಹಾಕಿದ ದಿನದ ಲೆಕ್ಕ ಮಾಡುವುದಿಲ್ಲ. 45 ಗೀಟು ಆದಾಗ ಮೊದಲ ಸಲ ಒಗೆದೆ. ಒಳಮಗ್ಗಲು ಹೊರಗೆ ತಿರುಗಿಸಿ, ಗುಂಡಿ ಹಾಕಿ, ದೊಡ್ಡ ಟಬ್ಬಿನಲ್ಲಿ ತಣ್ಣೀರು, ಒಂದು ಮುಚ್ಚಳ ದ್ರವ ಸೋಪು. ಬ್ಲೀಚ್ ಅಥವಾ ಬಿಳುಪು ಹೆಚ್ಚಿಸುವ ಪುಡಿ ಇರುವ ಸೋಪು ಬೇಡ. 40 ನಿಮಿಷ ಬಿಟ್ಟೆ. ಸೊಂಟದ ಪಟ್ಟಿ, ತೊಡೆಸಂದಿ ಮಾತ್ರ ಕೈಯಲ್ಲಿ ತಿಕ್ಕಿದೆ. ನೀರು ಶಾಯಿಯ ಹಾಗಾಯಿತು, ಗಾಬರಿಯೂ ಆಯಿತು. ಆದರೆ ಅದು ನೂಲಿಗೆ ಸರಿಯಾಗಿ ಅಂಟದೆ ಮೇಲೆ ಕೂತಿದ್ದ ಬಣ್ಣ, ಹೇಗೂ ಹೋಗುವಂಥದ್ದು. ಅದು ಅಲ್ಲಿಯವರೆಗೆ ನನ್ನ ಬಿಳಿ ಬೂಟಿನ ಮೇಲ್ಭಾಗಕ್ಕೆ ಹತ್ತುತ್ತಿತ್ತು! ಮೂರು ಸಲ ಜಾಲಿಸಿ, ಹಿಂಡದೆ, ನೆರಳಲ್ಲಿ ಸೊಂಟದಿಂದ ನೇತುಹಾಕಿದೆ.

ಒಣಗಿದಮೇಲೆ ಆಶ್ಚರ್ಯ ಕಾದಿತ್ತು. ಒಗೆಯುವ ಮೊದಲು ಇಡೀ ಪ್ಯಾಂಟ್ ಮಂಕಾಗಿ, ಎಣ್ಣೆ ಮೆತ್ತಿದ ಹಾಗೆ ಕಾಣುತ್ತಿತ್ತು. ಈಗ ತೊಡೆಯ ನೆರಿಗೆ, ಜೇಬಿನಲ್ಲಿ ಫೋನ್ ಕೂರುವ ಚೌಕ, ಎಲ್ಲ ಎದ್ದು ಬಂದಿದ್ದವು. ಕೊಳೆಯ ಕೆಳಗೆ ಇಷ್ಟೂ ಅಡಗಿತ್ತು.

ಆಮೇಲೆ ಸುಮಾರು 25 ಗೀಟಿಗೊಮ್ಮೆ ಒಗೆದೆ. ನಡುವೆ ಒಂದು ಸೋಮಾರಿ ದಿನ ಹಾಗೇ ಮೆಷಿನ್ನಿಗೆ ಹಾಕಿ ಕೆಟ್ಟೆ. ದಪ್ಪ ಬಟ್ಟೆ ಒಳಗೆ ಮಡಚಿಕೊಂಡು, ಆ ಮಡಿಕೆಯ ಏಣುಗಳೇ ಉಜ್ಜಿ, ಎಡತೊಡೆಗೆ ಅಡ್ಡಡ್ಡ ಬಿಳಿ ಬರೆ ಬಿದ್ದವು. ನೀಲಿ ಸಿಪ್ಪೆ ಹೋದ ಜಾಗಕ್ಕೆ ಮತ್ತೆ ಬಣ್ಣ ಬರುವುದಿಲ್ಲ.

ಅಂಗಡಿಯಲ್ಲಿ ಮೆತ್ತಗೆ ಸಿಗುವ, ಮೊದಲೇ ಒಗೆದ ಜೀನ್ಸ್‌ಗೆ ಈ ಲೆಕ್ಕವೆಲ್ಲ ಬೇಡ. ಪ್ಯೂಮಿಸ್ ಕಲ್ಲಿನ ಜೊತೆಗೋ ಕಿಣ್ವದ ನೀರಿನಲ್ಲೋ ಹೊರಳಾಡಿಸಿ ಗಂಜಿಯನ್ನೂ ಸಡಿಲ ಬಣ್ಣವನ್ನೂ ಅವರೇ ತೆಗೆದಿರುತ್ತಾರೆ. ತೊಡೆಯ ಮೇಲಿನ ಬಿಳಿ ಗೆರೆಗಳೂ ಉಪ್ಪುಕಾಗದದಿಂದಲೋ ಲೇಸರಿನಿಂದಲೋ ಮಾಡಿದ್ದು. ಅವು ನಿಮ್ಮ ಮಡಿಕೆ ಬೀಳುವ ಕಡೆಯೇ ಇರಬೇಕೆಂದಿಲ್ಲ. ಕಾಯುವುದರಿಂದ ಏನೂ ಸಿಗುವುದಿಲ್ಲ. ನನ್ನ ಹತ್ತಿರ ಇರುವ ಅಂಥದ್ದನ್ನು ಎಂಟು ಹತ್ತು ಸಲ ಹಾಕಿದಮೇಲೆ ಒಗೆಯುತ್ತೇನೆ, ಅಷ್ಟೇ.

ಒಗೆಯದಿದ್ದರೆ ಕಾಯಿಲೆ ಬರಲ್ವಾ ಅಂತ ಕೇಳುವವರಿದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 15 ತಿಂಗಳು ಒಂದೇ ರಾ ಜೀನ್ಸ್ ಒಗೆಯದೆ ಹಾಕಿಕೊಂಡಿದ್ದ. 2011ರಲ್ಲಿ ಅದರ ಸುದ್ದಿ ಬಂತು. ಆಮೇಲೆ ಒಗೆದು 13 ದಿನ ಹಾಕಿ ಮತ್ತೆ ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಬ್ಬನ ಒಂದು ಪ್ಯಾಂಟಿನ ಲೆಕ್ಕ ಅದು, ಬಟ್ಟೆ ಎಷ್ಟು ಬಾಳುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಫ್ರೀಜರ್‌ನಲ್ಲಿಟ್ಟರೆ ಶುದ್ಧವಾಗುತ್ತದೆ ಅನ್ನುವುದನ್ನು ನಾನೂ ನಂಬಿದ್ದೆ. ಚಳಿಗೆ ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ, ಹೆಚ್ಚಿನವು ಸುಮ್ಮನಿರುತ್ತವೆ, ಮೈಬಿಸಿ ತಾಗಿದಮೇಲೆ ಏಳುತ್ತವೆ. ಕೊಳೆಯಂತೂ ಇದ್ದಲ್ಲೇ ಇರುತ್ತದೆ.

ಈಗ ನನ್ನ ಪರೀಕ್ಷೆ ಎರಡೇ. ರಾತ್ರಿಯೆಲ್ಲ ಗಾಳಿಗೆ ಹಾಕಿದರೂ ಬೆಳಗ್ಗೆ ವಾಸನೆ ಹಾಗೇ ಇದ್ದರೆ ಗೀಟು ಎಣಿಸದೆ ಒಗೆಯುತ್ತೇನೆ. ಒಗೆದಾಗಲೆಲ್ಲ ತೊಡೆಸಂದಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಹೋದ ತಿಂಗಳು ಬಲಗಡೆ ಉಗುರಿನಷ್ಟು ಜಾಗದಲ್ಲಿ ಬೆಳಕು ತೂರಿತು. ಒಳಗಿನಿಂದ ತೇಪೆ ಇಟ್ಟು, ಅದರ ಮೇಲೆ ಹತ್ತಿರ ಹತ್ತಿರ ಹೊಲಿಗೆ ಹಾಕಿಸಿದೆ. ತೇಪೆಗೆ ಬಟ್ಟೆ ಹುಡುಕಬೇಕಾಗಲಿಲ್ಲ, ಮೊದಲ ಜೀನ್ಸ್‌ನ ಕಾಲು ಇತ್ತು.