ಅಪ್ಪನ ಡಯಾಲಿಸಿಸ್ ಚಾರ್ಟ್: ನೀರು ಮತ್ತು ಬಸ್ಸಾರಿನ ಲೆಕ್ಕ

ಹಾಸನದ ಡಯಟೀಷಿಯನ್ ಮೇಡಂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದು ಇಷ್ಟೇ: ಹಿಂದಿನ ದಿನದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್ ನೀರು, ಪೊಟ್ಯಾಸಿಯಂ ಕಡಿಮೆ. ಇದನ್ನು ವಾರದ ಚಾರ್ಟ್ ಮಾಡಬೇಕಿತ್ತು.

ಅಪ್ಪನಿಗೆ ಮೂತ್ರ ಸುಮಾರು 300 ಎಂಎಲ್, ಹಾಗಾಗಿ ದಿನಕ್ಕೆ ಒಟ್ಟು 800. ಎರಡು ಕಾಫಿಗೆ 200, ಸಾರು ಮಜ್ಜಿಗೆಗೆ 250 ಕಳೆದೆ. ಉಳಿದ 350 ಬೆಳಿಗ್ಗೆಯೇ ಬಾಟಲಿಗೆ ತುಂಬಿಡುತ್ತೇವೆ, ಮಾತ್ರೆಗೂ ಅದೇ ನೀರು.

ಕಷ್ಟವಾಗಿದ್ದು ಬಸ್ಸಾರು. ಸೊಪ್ಪು ಬೇಯಿಸಿದಾಗ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ನಾವು ಬಸಿದ ಆ ನೀರಲ್ಲೇ ಸಾರು ಮಾಡುತ್ತೇವೆ ಅಲ್ವಾ! ಅದಕ್ಕೆ ಅಪ್ಪನಿಗೆ ಬಸ್ಸಾರು ಬಿಟ್ಟೆವು. ಆಲೂಗಡ್ಡೆಯನ್ನೂ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡುತ್ತೇವೆ, ಅದೂ ಸ್ವಲ್ಪವೇ, ಯಾಕೆಂದರೆ ಪೊಟ್ಯಾಸಿಯಂ ಪೂರ್ತಿ ಹೋಗುವುದಿಲ್ಲ.

ಡಯಾಲಿಸಿಸ್ ಸೋಮ, ಬುಧ, ಶುಕ್ರ. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ದೊಡ್ಡದು. ಅದಕ್ಕೆ ಶನಿವಾರ, ಭಾನುವಾರದ ಸಾಲಿನಲ್ಲಿ ಆಲೂಗಡ್ಡೆ, ಸೊಪ್ಪು ಇಲ್ಲವೇ ಇಲ್ಲ. ಸೋರೆಕಾಯಿ, ಎಲೆಕೋಸು ಇಟ್ಟಿದ್ದೇವೆ.

ಕೊನೆಯ ಕಾಲಂ ಬೆಳಗಿನ ತೂಕ. ಎರಡು ದಿನದಲ್ಲಿ 1 ಕೆಜಿ ಏರಿದರೆ ಅದು ಹೆಚ್ಚುಕಡಿಮೆ 1 ಲೀಟರ್ ನೀರು, ಕೊಬ್ಬಲ್ಲ. ಆದರೆ ಉಸಿರು ಕಟ್ಟಿದರೆ ಚಾರ್ಟ್ ನೋಡುತ್ತಾ ಕೂರದೆ ನೇರ ಆಸ್ಪತ್ರೆಗೆ. ಈ ಅಂಕಿಗಳು ಅಪ್ಪನವು, ನಿಮ್ಮದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ.